ಮೂರು ಗಂಟೆಯ ನೂರೈವತ್ತು, ಐದು ಗಂಟೆಯ ನೂರೈವತ್ತು

ಹಿರೇಹಳ್ಳಿಯಲ್ಲಿ ನಾನು ಕೆಲಸ ಮಾಡುವ ವರ್ಕ್‌ಶಾಪಿನಲ್ಲಿ, ಆ ಹಿರಿಯ ಟರ್ನರ್ ಯಾಕೆ ಬಿಟ್ಟುಹೋದರು ಎಂದು ಯಾರನ್ನು ಕೇಳಿದರೂ ಒಂದೇ ಉತ್ತರ ಬರುತ್ತದೆ: ಬೋನಸ್ ಲೆಕ್ಕ ಅವರ ತಲೆಗೆ ಹತ್ತಲಿಲ್ಲ, ತನಗೆ ಕಮ್ಮಿ ಬರುತ್ತಿದೆ ಅಂದುಕೊಂಡರು, ಸಿಟ್ಟಾಗಿ ಹೋದರು. ಹೊಸದಾಗಿ ಸೇರಿದವರಿಗೂ ಇದನ್ನೇ ಹೇಳುತ್ತಾರೆ. ಹಳೇ ಕಾಲದ ಮನುಷ್ಯ, ಕೈ ಚುರುಕು, ಓದು ಕಮ್ಮಿ ಎಂಬ ಅನುಕಂಪವನ್ನೂ ಮೇಲೊಂದಿಷ್ಟು ಸೇರಿಸುತ್ತಾರೆ.

ನಾನು ಒಪ್ಪುವುದಿಲ್ಲ. ಆ ಲೆಕ್ಕವನ್ನು ಬೋರ್ಡಿನ ಮೇಲೆ ಬರೆದವಳು ನಾನು. ಅದು ಎಲ್ಲಿಯವರೆಗೆ ಸರಿ, ಎಲ್ಲಿಂದ ಮುಂದೆ ತಿರುಗಿಬೀಳುತ್ತದೆ ಎಂದು ಕೊನೆಯವರೆಗೆ ಹಾಕಿ ನೋಡಿದವರು ಅಂದು ಸೇರಿದ್ದವರಲ್ಲಿ ಒಬ್ಬರೇ. ಅವರು ಬೋರ್ಡಿನ ಹತ್ತಿರ ನಿಂತಿರಲಿಲ್ಲ.

ನಾನು ತುಮಕೂರಿನಲ್ಲಿ ಬಿ.ಕಾಂ. ಮುಗಿಸಿ ಟೈಮ್ ಆಫೀಸಿಗೆ ಸೇರಿದ್ದೆ. ಕಾಲೇಜಿನಲ್ಲಿ ಚರ್ಚಾ ಸ್ಪರ್ಧೆ ಬಿಟ್ಟವಳಲ್ಲ. ಪರ ಕೊಟ್ಟರೆ ಪರ, ವಿರೋಧ ಕೊಟ್ಟರೆ ವಿರೋಧ. ಎರಡರಲ್ಲೂ ಕಪ್ ತಂದಿದ್ದೇನೆ. ಟೈಮ್ ಆಫೀಸಿನಲ್ಲಿ ವಾದಕ್ಕೆ ಅವಕಾಶ ಕಮ್ಮಿ. ಯಾವ ಕೆಲಸ ಯಾವಾಗ ಶುರುವಾಯಿತು, ಯಾವಾಗ ಮುಗಿಯಿತು ಎಂದು ಲೇತ್ ಓಡಿಸುವ ಟರ್ನರುಗಳು ತಮ್ಮ ಜಾಬ್ ಕಾರ್ಡಿನಲ್ಲಿ ಬರೆದಿರುತ್ತಾರೆ. ಅದನ್ನು ಕೂಡಿಸಿ ಕೂಲಿ ಕಟ್ಟುವುದು ನನ್ನ ಕೆಲಸ.

ನಮ್ಮಲ್ಲಿ ಪಂಪಿಗೆ ಹಾಕುವ ಬುಷ್, ಅಂದರೆ ಗಿಡ್ಡ ಕೊಳವೆಯಂಥ ಬಿಡಿಭಾಗ, ತಯಾರಾಗುತ್ತದೆ. ಎರಕದ ತುಂಡು ಬರುತ್ತದೆ, ಲೇತ್ ಮೆಷಿನ್ನಿನ ಮೇಲೆ ಅದರ ಒಳಗನ್ನೂ ಹೊರಗನ್ನೂ ಅಳತೆಗೆ ತಿರುವಿ ಕೊಡಬೇಕು. ಏಳು ಲೇತ್, ಏಳು ಜನ. ಒಬ್ಬೊಬ್ಬರಿಗೆ ದಿನಕ್ಕೆ ನಲವತ್ತು ತುಂಡು; ಅದಕ್ಕಿಂತ ಜಾಸ್ತಿ ಬರುವುದಿಲ್ಲ. ಅದು ಮುಗಿದ ಮೇಲೆ ಚಿಲ್ಲರೆ ಕೆಲಸ.

ಮೊದಲು ಪೀಸ್ ರೇಟ್ ಇತ್ತು, ಒಂದು ಬುಷ್‌ಗೆ ಹದಿನಾರು ರೂಪಾಯಿ. ಪೀಸ್ ರೇಟಿನ ಪರವಾಗಿ ಒಂದು ಒಳ್ಳೆ ಮಾತಿದೆ: ಬೇಗ ಮುಗಿಸಿದರೆ ಉಳಿದ ಸಮಯ ಪೂರ್ತಿ ಕೆಲಸಗಾರನದು. ಕಾಗದದ ಮೇಲೆ ಇದು ನಿಜ. ನಾನು ಸೇರುವುದಕ್ಕೆ ಮುಂಚೆ ಆ ರೇಟು ಇಪ್ಪತ್ತಿತ್ತಂತೆ. ಒಬ್ಬ ಹುಮ್ಮಸ್ಸಿನಲ್ಲಿ ಬೇಗ ಬೇಗ ಮಾಡಿ ತೋರಿಸಿದ; ಇಷ್ಟು ಬೇಗ ಆಗುವುದಾದರೆ ಇಪ್ಪತ್ತು ಯಾಕೆ ಎಂದು ಹದಿನಾರಕ್ಕೆ ಇಳಿಸಿದರು. ಅಲ್ಲಿಂದಾಚೆಗೆ ಲೇತ್‌ಗಳ ಸಾಲಿನಲ್ಲಿ ಒಂದು ರೂಢಿ ಬೆಳೆದಿತ್ತು. ನಿಜವಾದ ವೇಗವನ್ನು ಆಫೀಸಿಗೆ ತೋರಿಸಬಾರದು. ಇದು ನನಗೆ ಆಗ ಗೊತ್ತಿರಲಿಲ್ಲ. ನಾನು ಆಫೀಸಾಗಿದ್ದೆ.

ಪೀಸ್ ರೇಟಿನ ಇನ್ನೊಂದು ಮುಖ ಎಲ್ಲರಿಗೂ ಗೊತ್ತಿತ್ತು. ಕರೆಂಟ್ ಹೋದರೆ ಕೂಲಿಯೂ ಇಲ್ಲ. ಅವಸರದಲ್ಲಿ ಅಳತೆ ತಪ್ಪಿದ ಬುಷ್‌ಗಳು ಪಂಪಿನವರಿಂದ ವಾಪಸ್ ಬರುತ್ತಿದ್ದವು. ಅದಕ್ಕೇ ಮ್ಯಾನೇಜರು ಗಂಟೆ ಲೆಕ್ಕಕ್ಕೆ ಬದಲಾಯಿಸಲು ಹೊರಟರು: ಗಂಟೆಗೆ ಎಂಬತ್ತು ರೂಪಾಯಿ, ಕರೆಂಟ್ ಇರಲಿ ಇಲ್ಲದಿರಲಿ ದಿನಕ್ಕೆ ಆರುನೂರ ನಲವತ್ತು ಖಾತ್ರಿ, ಬುಷ್ ಮುಗಿದ ಮೇಲಿನ ಚಿಲ್ಲರೆ ಕೆಲಸಕ್ಕೂ ಅದೇ ರೇಟು. ಬರೀ ಗಂಟೆ ಲೆಕ್ಕವಾದರೆ ಯಾರೂ ಕೈ ಬೀಸಿ ಕೆಲಸ ಮಾಡುವುದಿಲ್ಲ ಎಂದು ಮೇಲೆ ಬೋನಸ್. ನಲವತ್ತು ಬುಷ್‌ಗೆ ಎಂಟು ಗಂಟೆ ಕೊಟ್ಟಿದೆ. ಅದಕ್ಕಿಂತ ಬೇಗ ಮುಗಿಸಿದರೆ, ಉಳಿಸಿದ ಸಮಯಕ್ಕೆ ತಕ್ಕಂತೆ ಬೋನಸ್. ಅದನ್ನು ಕಟ್ಟಲು ಎರಡು ದಾರಿ, ಹಾಲ್ಸಿ ಮತ್ತು ರೋವನ್. ಯಾವುದು ಬೇಕೋ ಕೆಲಸಗಾರರೇ ಆರಿಸಿಕೊಳ್ಳಲಿ ಎಂದರು ಮ್ಯಾನೇಜರು.

'ನೀವೇ ಎಕ್ಸ್‌ಪ್ಲೇನ್ ಮಾಡಿಬಿಡಿಮ್ಮ. ಡಿಬೇಟ್ ಮಾಡಿರೋರು. ನಾನು ಹೇಳಿದ್ರೆ ನಂಬಲ್ಲ ಅವ್ರು.'

ಊಟವಾದ ಮೇಲೆ ಸ್ಟೋರಿನ ಮುಂದೆ ಬೋರ್ಡ್ ನಿಲ್ಲಿಸಿಕೊಂಡು ಹೇಳಿದೆ. ಹಾಲ್ಸಿಯಲ್ಲಿ, ಉಳಿಸಿದ ಸಮಯದ ಅರ್ಧಕ್ಕೆ ಕೂಲಿ. ಎಂಟು ಗಂಟೆಯ ಕೆಲಸ ಆರಕ್ಕೆ ಮುಗಿದರೆ ಎರಡು ಗಂಟೆ ಉಳಿತಾಯ. ಅದರಲ್ಲಿ ಅರ್ಧ, ಒಂದು ಗಂಟೆ, ಅಂದರೆ ಎಂಬತ್ತು ರೂಪಾಯಿ. ರೋವನ್‌ನಲ್ಲಿ, ಕೊಟ್ಟ ಸಮಯದಲ್ಲಿ ಎಷ್ಟು ಪಾಲು ಉಳಿಸಿದಿರಿ ಎಂದು ನೋಡುತ್ತಾರೆ. ಎಂಟರಲ್ಲಿ ಎರಡು, ಕಾಲು ಪಾಲು. ಆರು ಗಂಟೆ ದುಡಿದ ಕೂಲಿಯ ಕಾಲು ಪಾಲು ಬೋನಸ್. ಆರು ಗಂಟೆಗೆ ನಾನೂರ ಎಂಬತ್ತು, ಅದರ ಕಾಲು ನೂರಿಪ್ಪತ್ತು.

'ನಲವತ್ತು ರೂಪಾಯಿ ಜಾಸ್ತಿ ಕೊಡ್ತಾನಲ್ಲ. ಈ ರೋವನ್ ಯಾವೂರವನು ಮೇಡಂ?' ಎಂದು ಕುಣಿಗಲ್ ಕಡೆಯ ಟರ್ನರ್ ಕೇಳಿದ. ಏಳು ಜನರಲ್ಲಿ ಅವನೇ ಚಿಕ್ಕವನು, ಮದುವೆಯಾಗಿ ಎರಡು ವರ್ಷವಾಗಿತ್ತು.

'ಇಂಗ್ಲೆಂಡ್ ಕಡೆಯೋನು ಇರ್ಬೇಕು' ಎಂದೆ.

'ಇಬ್ರೂ ಬಂದು ಒಂದಿನ ನಮ್ ಲೇತ್ ಓಡ್ಸಿದ್ರೆ ಗೊತ್ತಾಗ್ತಿತ್ತು, ಟೈಮ್ ಹೆಂಗ್ ಉಳಿಯುತ್ತೆ ಅಂತ.'

'ಏನ್ಲಾ, ಬಾಯ್ ಮುಚ್ಕಂಡು ಕೇಳ್ಲಾ' ಎಂದರು ಗುಬ್ಬಿಯ ಹಿರಿಯ ಟರ್ನರ್. ಐವತ್ತು ದಾಟಿದವರು, ಸಾಲಿನ ಕೊನೇ ಲೇತ್ ಅವರದು.

ಐದು ಗಂಟೆಯ ಲೆಕ್ಕವನ್ನೂ ಬರೆದೆ. ಹಾಲ್ಸಿಯಲ್ಲಿ ನೂರಿಪ್ಪತ್ತು, ರೋವನ್‌ನಲ್ಲಿ ನೂರೈವತ್ತು. ಅಲ್ಲಿಗೆ ನಿಲ್ಲಿಸಿದೆ. ಯಾಕೆಂದರೆ ಹಿಂದಿನ ಆರು ತಿಂಗಳ ಕಾರ್ಡ್‌ಗಳನ್ನು ನಾನು ಒಂದೊಂದಾಗಿ ನೋಡಿದ್ದೆ, ಐದು ಗಂಟೆಗಿಂತ ಕಮ್ಮಿ ಯಾರೂ ಬರೆದಿರಲಿಲ್ಲ. ಅರ್ಧಕ್ಕಿಂತ ಹೆಚ್ಚು ಸಮಯ ಉಳಿಸಿದಾಗ ಪಟ್ಟಿ ಉಲ್ಟಾ ಆಗುತ್ತದೆ, ಹಾಲ್ಸಿ ಮುಂದೆ ಹೋಗುತ್ತದೆ ಎಂದು ನಾನು ಪರೀಕ್ಷೆಗೆ ಓದಿದ್ದೆ. ಆದರೆ ಅಷ್ಟು ಉಳಿಸುವವರೇ ಇಲ್ಲದ ಮೇಲೆ ಆ ಸಾಲು ಬರೆದು ಜನರನ್ನು ಗೊಂದಲಕ್ಕೆ ಯಾಕೆ ಹಾಕಲಿ ಎಂಬುದು ನನ್ನ ತರ್ಕ. ಎದುರಾಳಿ ತಂಡ ಎತ್ತದ ಅಂಶಕ್ಕೆ ನೀನಾಗಿ ಉತ್ತರ ಕೊಡಬೇಡ ಎಂದು ಚರ್ಚೆಯಲ್ಲಿ ಕಲಿಸುತ್ತಾರೆ.

ಹಿರಿಯ ಟರ್ನರ್ ಒಂದೇ ಪ್ರಶ್ನೆ ಕೇಳಿದರು, ನನ್ನನ್ನಲ್ಲ, ಮ್ಯಾನೇಜರನ್ನು. 'ಈ ಎಂಟ್ ಗಂಟೆ ಅನ್ನೋದನ್ನ ಆಮೇಲೆ ಇಳ್ಸಲ್ಲ ಅಂತ ಬರ್ದು ಕೊಡ್ತೀರಾ ಸಾರ್?'

ಮ್ಯಾನೇಜರು ಬರೆದು ನೋಟಿಸ್ ಬೋರ್ಡಿಗೆ ಹಾಕಿಸಿದರು. ಕೆಲಸ ಮಾಡುವ ರೀತಿ ಅಥವಾ ಟೂಲ್ ಬದಲಾದರೆ ಹೊರತು, ಕೊಟ್ಟ ಸಮಯವನ್ನು ಕಮ್ಮಿ ಮಾಡುವುದಿಲ್ಲ. ಹಿರಿಯರು ಅದನ್ನು ನಿಂತು ಎರಡು ಸಲ ಓದಿದರು. ಆಮೇಲೆ ಏಳೂ ಕೈ ರೋವನ್‌ಗೆ ಎದ್ದವು. ಅಷ್ಟು ಸುಲಭದ ಗೆಲುವು ನನಗೆ ಕಾಲೇಜಿನಲ್ಲೂ ಸಿಕ್ಕಿರಲಿಲ್ಲ.

ಎರಡು ವಾರ ಕಾರ್ಡ್ ನೋಡಿದ ಮೇಲೆ ನನಗೊಂದು ಅನುಮಾನ ಬಂತು. ಉಳಿದವರ ಸಮಯ ಏರಿಳಿಯುತ್ತಿತ್ತು. ಕುಣಿಗಲ್ಲಿನವನದು ಒಂದು ದಿನ ಐದು, ಮರುದಿನ ಐದು ಮುಕ್ಕಾಲು, ಒಮ್ಮೆ ಆರೂ ಆಗಿತ್ತು. ಕೊನೇ ಲೇತಿನದು ಮಾತ್ರ ಪ್ರತಿದಿನ ಐದು ಗಂಟೆ. ಎಂಟೂವರೆಗೆ ಶುರು, ಒಂದೂವರೆಗೆ ಮುಕ್ತಾಯ. ಕಬ್ಬಿಣ ಅಷ್ಟು ಶಿಸ್ತಿನದ್ದಲ್ಲ ಎಂಬಷ್ಟು ನನಗೂ ಗೊತ್ತಿತ್ತು. ಹನ್ನೊಂದೂವರೆ ಸುಮಾರಿಗೆ ಹೋಗಿ ಪಕ್ಕದಲ್ಲಿ ನಿಂತೆ. ಅವರು ಮೆಷಿನ್ ಒರೆಸುತ್ತಿದ್ದರು. ಕಾಲ ಬುಡದಲ್ಲಿ ಟ್ರೇ, ಅದರ ಮೇಲೊಂದು ಗೋಣಿ. ಎತ್ತಿದೆ. ನಲವತ್ತು ಬುಷ್.

'ಅಣ್ಣ, ಇದು ಮುಗ್ದಿದೆಯಲ್ಲ.'

'ಮುಗ್ದಿದೆ.'

'ಕಾರ್ಡು?'

'ಒಂದೂವರೆಗೆ ಬರೀತೀನಿ. ಗೋಣಿ ಮುಚ್ಚಮ್ಮ, ಧೂಳು ಕೂರುತ್ತೆ.'

ಆಗ ಮೆಷಿನ್ನಿನಲ್ಲಿ ಸಿಕ್ಕಿಸಿದ್ದ ಸಾಮಾನನ್ನು ನೋಡಿದೆ. ಬುಷ್‌ನ ಹೊರಮೈ ತಿರುವುವಾಗ ಅದು ನಡು ತಪ್ಪದಂತೆ ಕೂತಿದೆಯೇ ಎಂದು ಉಳಿದವರು ಒಂದೊಂದಕ್ಕೂ ಅಳತೆಯ ಡಯಲ್ ಹಿಡಿದು ನೋಡುತ್ತಾರೆ. ಸಮಯವೆಲ್ಲ ಅಲ್ಲೇ ಹೋಗುವುದು. ಇವರು ಹಳೇ ಲಾರಿ ಆಕ್ಸಲ್ಲಿನ ತುಂಡಿನಿಂದ ಒಂದು ಮ್ಯಾಂಡ್ರಿಲ್ ಮಾಡಿಕೊಂಡಿದ್ದರು. ಸೀಳು ಬಿಟ್ಟ ಕೊಳವೆ. ಬುಷ್ಷನ್ನು ಅದಕ್ಕೆ ತೂರಿಸಿ ನಟ್ ಬಿಗಿದರೆ ಕೊಳವೆ ಒಳಗಿನಿಂದ ಅರಳಿ ಹಿಡಿದುಕೊಳ್ಳುತ್ತದೆ, ನಡು ತಾನಾಗಿ ಸರಿಯಾಗುತ್ತದೆ. ಸಂಜೆ ಊಟದ ಡಬ್ಬಿಯ ಚೀಲದಲ್ಲಿ ಅದು ಗುಬ್ಬಿಗೆ ಹೋಗುತ್ತಿತ್ತು, ಬೆಳಿಗ್ಗೆ ಬರುತ್ತಿತ್ತು. ಏಳು ಲೇತಿನವರಿಗೂ ಇದು ಗೊತ್ತಿತ್ತು. ಯಾರೂ ಕೇಳಿರಲಿಲ್ಲ, ಯಾರೂ ನಕಲು ಮಾಡಿರಲಿಲ್ಲ. ಒಬ್ಬ ತನ್ನ ಕೈಯಿಂದ ಮಾಡಿಕೊಂಡ ಸಾಮಾನು ಅವನದು, ಅವನಾಗಿ ಕೊಟ್ಟರೆ ಮಾತ್ರ ಮುಟ್ಟುವುದು. ಇದು ಆ ಸಾಲಿನ ಇನ್ನೊಂದು ರೂಢಿ.

'ಮೂರ್ ಗಂಟೆಗೆ ಮುಗಿಸಿ ಎರಡ್ ಗಂಟೆ ಸುಮ್ನೆ ನಿಂತ್ಕೊತೀರಲ್ಲ, ಯಾಕಣ್ಣ?'

'ನೀನೇ ಬೋರ್ಡ್ ಮೇಲೆ ಬರ್ದೆಯಲ್ಲಮ್ಮ. ಐದ್ ಗಂಟೆಗೆ ಎಷ್ಟು?'

'ನೂರೈವತ್ತು.'

'ಮೂರ್ ಗಂಟೆದು ನೀ ಬರೀಲಿಲ್ಲ. ನಾನು ಮನೇಲಿ ಹಾಕ್ ನೋಡ್ದೆ. ಕೊಟ್ಟಿದ್ದು ಎಂಟು, ಉಳ್ಸಿದ್ದು ಐದು, ದುಡಿದ ಕೂಲಿ ಇನ್ನೂರ ನಲವತ್ತು. ಅದ್ರಲ್ಲಿ ಎಂಟನೇ ಐದು ಪಾಲು. ಎಷ್ಟಾಯ್ತು?'

ನಾನು ಮನಸ್ಸಿನಲ್ಲೇ ಹಾಕಿದೆ. ನೂರೈವತ್ತು.

'ಎಲ್ಡ್ ಗಂಟೆ ಜಾಸ್ತಿ ಉಳ್ಸಿ ಕೊಟ್ರೂ ಅದೇ ನೂರೈವತ್ತು. ಅರ್ಧಕ್ಕೆ ನಿಂತ್ರೆ, ನಾಕ್ ಗಂಟೆಗೆ, ನೂರರವತ್ತು. ಅದೇ ತುದಿ. ಅಲ್ಲಿಂದೀಚೆಗೆ ಬೇಗ ಮಾಡ್ದಷ್ಟೂ ಇಳೀತದೆ.'

'ಹಂಗಾದ್ರೆ ನಾಕು ಅಂತ ಬರೀಬಹುದಿತ್ತಲ್ಲ? ಹತ್ತು ರೂಪಾಯಿ ಜಾಸ್ತಿ ಬರ್ತಿತ್ತು.'

ಅವರು ತಾವೇ ಗೋಣಿಯನ್ನು ಎಳೆದು ಮುಚ್ಚಿದರು. 'ನಾಕು ಅಂತ ಬರ್ದ್ರೆ ಉಳಿದ ಆರ್ ಜನನ್ನ ಕೇಳ್ತಾರೆ, ನಿಂಗ್ಯಾಕಾಗಲ್ಲ ಅಂತ. ಹತ್ ರೂಪಾಯಿಗೆ ಆರ್ ಜನರ ಶಾಪ ಕಟ್ಕಳಾಕಾಯ್ತದಾ? ನೀನೂ ನೋಡ್ಲಿಲ್ಲ ಅಂದ್ಕಂಡ್ ಬುಡು.'

ಬರೆದ ಸಮಯ ಸುಳ್ಳೆಂದು ಗೊತ್ತಿದ್ದೂ ಆ ಕಾರ್ಡಿಗೆ ಸಹಿ ಹಾಕುವುದು ನನ್ನ ಕೈಲಿ ಆಗದ ಕೆಲಸ. ಅವರನ್ನು ಹಿಡಿದುಕೊಡುವುದೂ ಬೇಕಿರಲಿಲ್ಲ. ಮೂರನೇ ದಾರಿ ನನಗೆ ಕಂಡಿತು, ಮತ್ತು ಅದು ವಾದದ ದಾರಿಯಾಗಿತ್ತು.

ಮ್ಯಾನೇಜರ ಮುಂದೆ ಕೂತು ಹೇಳಿದೆ. 'ಸಾರ್, ಅರ್ಧಕ್ಕಿಂತ ಹೆಚ್ಚು ಟೈಮ್ ಉಳಿಸೋರಿಗೆ ಹಾಲ್ಸಿ ಕೊಡಬೇಕು. ಈಗ ಐದು ಗಂಟೆಗೆ ಮಾಡಿದ ಕೆಲಸಕ್ಕೆ ಕೂಲಿ ನಾನೂರು, ಬೋನಸ್ ನೂರೈವತ್ತು, ಐನೂರೈವತ್ತು ಬೀಳುತ್ತೆ. ಅದೇ ಕೆಲಸ ಮೂರು ಗಂಟೆಗೆ ಆದರೆ, ಹಾಲ್ಸಿ ಲೆಕ್ಕದಲ್ಲಿ ಕೂಲಿ ಇನ್ನೂರ ನಲವತ್ತು, ಬೋನಸ್ ಇನ್ನೂರು. ನಾನೂರ ನಲವತ್ತಕ್ಕೆ ಮುಗೀತು. ನಿಮಗೆ ನೂರಹತ್ತು ಉಳೀತು, ಅವರಿಗೆ ಬೋನಸ್‌ನಲ್ಲಿ ಐವತ್ತು ಹೆಚ್ಚಾಯ್ತು, ಎರಡು ಗಂಟೆ ಮೆಷಿನ್ನೂ ಬಿಡುವಾಯ್ತು. ರೋವನ್‌ನಲ್ಲಿ ಇಟ್ಟರೆ ಅಷ್ಟು ಬೇಗ ಮಾಡೋಕೆ ಅವರಿಗೆ ಕಾರಣಾನೇ ಇಲ್ಲ.'

ಮ್ಯಾನೇಜರು ಪೆನ್ನು ಹಿಡಿದು ಎಲ್ಲ ಹಾಕಿ ನೋಡಿದರು. 'ಆರ್ಗ್ಯುಮೆಂಟ್ ಕರೆಕ್ಟಾಗಿದೆ' ಎಂದರು. ಆಮೇಲೆ ಪೆನ್ನು ಇಟ್ಟು, 'ಮೂರ್ ಗಂಟೆಗೆ ಮಾಡ್ತಿರೋದು ಯಾರು?'

ಯಾರೆಂದು ನಾನು ಹೇಳಲಿಲ್ಲ. ಹೇಳುವ ಅಗತ್ಯವೂ ಇರಲಿಲ್ಲ, ಇರುವುದೇ ಏಳು ಲೇತ್. ಅವರು ಎದ್ದು ಹೊರಗೆ ಹೋದರು. ಅರ್ಧ ಗಂಟೆಯಲ್ಲಿ ಮ್ಯಾಂಡ್ರಿಲ್ ಅವರ ಮೇಜಿನ ಮೇಲಿತ್ತು, ಟೂಲ್ ರೂಮಿನವರು ಅಳತೆ ತೆಗೆದುಕೊಳ್ಳುತ್ತಿದ್ದರು.

ಇಲ್ಲಿ ಮ್ಯಾನೇಜರನ್ನು ಖಳನಾಯಕ ಮಾಡುವುದು ಸುಲಭ. ಆದರೆ ಅವರು ಬರೆದುಕೊಟ್ಟ ಮಾತಿಗೆ ತಪ್ಪಲಿಲ್ಲ. ಟೂಲ್ ಬದಲಾದರೆ ಸಮಯ ಬದಲಾಗುತ್ತದೆ ಎಂದು ಬೋರ್ಡಿನಲ್ಲಿತ್ತು, ಟೂಲ್ ಬದಲಾಗಿತ್ತು. ತಾವೇ ಗಡಿಯಾರ ಹಿಡಿದು ನಿಂತು, ನಲವತ್ತು ಬುಷ್‌ಗೆ ಐದು ಗಂಟೆ ಎಂದು ಹೊಸದಾಗಿ ಗೊತ್ತು ಮಾಡಿದರು. ಮ್ಯಾಂಡ್ರಿಲ್‌ನ ನಕಲು ಏಳೂ ಲೇತಿಗೆ ಬಂತು. ಹಿರಿಯ ಟರ್ನರಿಗೆ ಆಯುಧಪೂಜೆಯ ದಿನ ಶಾಲು ಹೊದಿಸಿ ಐದು ಸಾವಿರ ಕೊಡುವುದಾಗಿ ಹೇಳಿದರು.

'ಶಾಲು ಹೊದ್ಕಂಡು ಲೇತ್ ಓಡ್ಸಾಕಾಗಲ್ಲ ಸಾರ್, ಸುತ್ಕತದೆ' ಎಂದರು ಅವರು. ಬೇರೆ ಒಂದನ್ನು ಕೇಳಿದರು. 'ನನಗೊಬ್ಬನಿಗೆ ಹಳೇ ಎಂಟ್ ಗಂಟೆ ಬುಡಿ. ಈ ಅಮ್ಮ ಹೇಳ್ದಂಗೆ ಹಾಲ್ಸಿ ಲೆಕ್ಕದಲ್ಲಿ ಕೊಡಿ. ಮ್ಯಾಂಡ್ರಿಲ್ಲು ಯಾರು ಬೇಕಾದ್ರೂ ಹಾಕ್ಕಳ್ಳಿ, ನಂದೇನೂ ತಕರಾರಿಲ್ಲ. ಅದನ್ನ ಮಾಡ್ದೋನ್ ನಾನು. ಅದ್ರಲ್ಲಿ ಉಳಿಯೋದ್ರಲ್ಲಿ ಅರ್ಧ ನಂಗೆ ಬರ್ಲಿ.'

'ಒಂದೇ ಕೆಲಸಕ್ಕೆ ಇಬ್ಬರಿಗೆ ಎರಡು ಟೈಮ್ ಇಡೋಕಾಗಲ್ಲಪ್ಪ. ನಾಳೆ ಎಲ್ಲಾರೂ ಕೇಳ್ತಾರೆ.'

'ಎಲ್ಲಾರೂ ಒಂದೊಂದು ಮಾಡ್ಕಂಬಂದ್ರೆ ಕೇಳ್ಲಿ ಸಾರ್.'

ಮಾತು ಅಲ್ಲಿಗೆ ಮುಗಿಯಿತು. ತಿಂಗಳು ಪೂರೈಸಿ, ಬಾಕಿ ತೆಗೆದುಕೊಂಡು, ತಮ್ಮ ಮ್ಯಾಂಡ್ರಿಲ್ಲನ್ನು ಡಬ್ಬಿಯ ಚೀಲಕ್ಕೆ ಹಾಕಿಕೊಂಡು ಗುಬ್ಬಿ ಬಸ್ ಹತ್ತಿದರು. ನನ್ನ ಮೇಲೆ ಕೂಗಾಡಲಿಲ್ಲ. ಕೂಗಾಡಿದ್ದರೆ ನಾನು ಉತ್ತರ ಕೊಡುತ್ತಿದ್ದೆ.

ಹೊಸ ಲೆಕ್ಕದಲ್ಲಿ ಉಳಿದವರಿಗೇನಾಯಿತು? ಮ್ಯಾಂಡ್ರಿಲ್ ಹಾಕಿಕೊಂಡು ಅವರೂ ಮೂರು ಗಂಟೆಗೆ ಮುಗಿಸುತ್ತಾರೆ. ಐದರಲ್ಲಿ ಎರಡು ಉಳಿತಾಯ, ದುಡಿದ ಕೂಲಿ ಇನ್ನೂರ ನಲವತ್ತು, ರೋವನ್‌ನಲ್ಲಿ ಬೋನಸ್ ತೊಂಬತ್ತಾರು. ಹಾಲ್ಸಿ ಆಗಿದ್ದರೆ ಎಂಬತ್ತು. ರೋವನ್ನೇ ಲಾಭ ಎಂದು ನಾನು ಹೂಡಿದ್ದ ವಾದ ಇಂದಿಗೂ ಗೆಲ್ಲುತ್ತದೆ.

'ಹೌದು ಮೇಡಂ, ಗೆದ್ದಿದೀರ' ಎಂದ ಕುಣಿಗಲ್ಲಿನವನು, ಮೊದಲ ಸಂಬಳದ ಚೀಟಿ ಹಿಡಿದು. 'ಹೋದ್ ತಿಂಗ್ಳು ಒಳ್ಳೇ ದಿನ ನೂರೈವತ್ತು ಬರ್ತಿತ್ತು. ಈಗ ತೊಂಬತ್ತಾರು. ನಿಮ್ ಕಪ್ಪಿಗೆ ನಂದು ದಿನಾ ಐವತ್ನಾಕ್ ರೂಪಾಯಿ ಚಂದಾ.'

ಇಷ್ಟೆಲ್ಲ ಎಲ್ಲರಿಗೂ ಗೊತ್ತು. ಆದರೂ ವರ್ಕ್‌ಶಾಪಿನಲ್ಲಿ ಉಳಿದಿರುವುದು 'ಲೆಕ್ಕ ತಲೆಗೆ ಹತ್ತಲಿಲ್ಲ' ಎಂಬ ಕತೆ. ಅದು ಯಾರಿಗೂ ತೊಂದರೆ ಕೊಡದ ಕತೆ. ಮ್ಯಾನೇಜರು ಬರೆದದ್ದು ಸರಿಯಾಗಿಯೇ ಉಳಿಯುತ್ತದೆ. ಆರು ಜನ ಬೇರೆಯವರ ಕೈಸಾಮಾನನ್ನು ಅವರಿಗೆ ಪಾಲಿಲ್ಲದೆ ಬಳಸುತ್ತಿದ್ದೇವೆ ಎಂದು ನೆನೆಯಬೇಕಿಲ್ಲ. ನನಗಂತೂ ಬಹಳ ಅನುಕೂಲ.

ಕೆಲವು ತಿಂಗಳಾದ ಮೇಲೆ ಕುಣಿಗಲ್ಲಿನವನೂ ಬಿಟ್ಟ. ಎಲ್ಲಿಗೆ ಹೋದ ಎಂದು ವಿಚಾರಿಸಿದಾಗ ಗೊತ್ತಾಯಿತು, ಹಿರಿಯರ ಹತ್ತಿರವೇ. ಗುಬ್ಬಿಯಿಂದ ಆಚೆ, ಹೆಲಿಕಾಪ್ಟರ್ ಕಾರ್ಖಾನೆಗೆ ಹೋಗುವ ಕಡೆ, ಅವರು ಶೀಟ್ ಹೊದಿಸಿದ ಶೆಡ್ಡಿನಲ್ಲಿ ಎರಡು ಹಳೇ ಲೇತ್ ಹಾಕಿಕೊಂಡಿದ್ದರು. ಒಂದು ಭಾನುವಾರ ಹೋದೆ. ಹೋಗಿ ಏನು ಹೇಳಬೇಕೆಂದು ನಿರ್ಧರಿಸಿರಲಿಲ್ಲ. ಕ್ಷಮೆ ಕೇಳುವುದು ನನಗೆ ಅಭ್ಯಾಸವಿಲ್ಲ.

'ಓ, ರೋವನ್ ಮೇಡಂ ಬಂದ್ರು' ಎಂದ ಕುಣಿಗಲ್ಲಿನವನು. ಲೇತ್ ಓಡುತ್ತಿತ್ತು. ಗುಬ್ಬಿಯಲ್ಲೇ ರೂಮು ಮಾಡಿಕೊಂಡಿದ್ದಾನಂತೆ, ಹೆಂಡತಿ ಕುಣಿಗಲ್ಲಿನ ತವರಲ್ಲಿ, ಹದಿನೈದು ದಿನಕ್ಕೊಮ್ಮೆ ಹೋಗುವುದು.

ಹಿರಿಯರು ಕಾಫಿ ತರಿಸಿದರು. ಪಂಪ್ ರಿಪೇರಿಯವರು ಬುಷ್ ಕೇಳುತ್ತಾರೆ, ಸಾಕಾಗುವಷ್ಟು ಕೆಲಸವಿದೆ ಎಂದರು. ಲೇತ್‌ಗೆ ಮಾಡಿರಬಹುದಾದ ಸಾಲದ ಮಾತನ್ನು ಎತ್ತಲಿಲ್ಲ, ಹಳೇ ವಿಷಯವನ್ನೂ ಎತ್ತಲಿಲ್ಲ. ಕುಣಿಗಲ್ಲಿನವನು ಒಂದು ಬುಷ್ ತೆಗೆದು ಇನ್ನೊಂದನ್ನು ಮ್ಯಾಂಡ್ರಿಲ್‌ಗೆ ತೂರಿಸಿ ನಟ್ ಬಿಗಿದ. ಒಂದು ಬುಷ್‌ಗೆ ನಾಲ್ಕು ನಿಮಿಷವೂ ಹಿಡಿದಿರಲಿಲ್ಲ. ನನಗೆ ಹಳೇ ಚಟ, ಕೈಗಡಿಯಾರ ನೋಡಿಕೊಂಡಿದ್ದೆ. ಹಿರಿಯರೂ ಗೋಡೆಯ ಗಡಿಯಾರದ ಕಡೆ ಕಣ್ಣು ಹಾಯಿಸಿದ್ದು ಕಾಣಿಸಿತು.

'ಅಣ್ಣ' ಎಂದೆ, 'ಇವ್ರಿಗೆ ಕೂಲಿ ಹೆಂಗ್ ಕೊಡ್ತೀರ, ಪೀಸಿಗಾ ಗಂಟೆಗಾ? ನಿಮ್ ಮ್ಯಾಂಡ್ರಿಲ್ಲಲ್ಲಿ ಇವ್ರು ಉಳ್ಸೋ ಟೈಮು ಯಾರ್ದು?'